ಮ್ಯಾನೇಜರ್ ಕೈಲಿರೋ ಚೀಟಿ (ಇಂಟರ್‌ವ್ಯೂ ಸೀರೀಸ್, ಭಾಗ 3)

ಹಿಂದಿನ ಎರಡು ಭಾಗ ಓದಿದವರಿಗೆ ಗೊತ್ತು, ನನ್ನ ಗೆಳತಿ ಕಸ್ಟಮರ್ ಸಪೋರ್ಟ್ ಕೆಲಸಕ್ಕೆ ಓಡಾಡ್ತಿದ್ದಾಳೆ. ಎಚ್‌ಆರ್ ರೌಂಡ್ ಎರಡು ಕಡೆನೂ ದಾಟಿದಳು, ಮ್ಯಾನೇಜರ್ ರೌಂಡಲ್ಲಿ ಎರಡು ಕಡೆನೂ ಹೊರಗೆ. ಮೂರನೇದು ಈ ಗುರುವಾರ. ಪಿಜಿ ಬಾಡಿಗೆ ಇಲ್ಲಿವರೆಗೆ ಅವಳ ಅಣ್ಣ ಕಟ್ಟಿದ್ದು, ಅವನಿಗೀಗ ಮದುವೆ ಗೊತ್ತಾಗಿದೆ. "ಇನ್ನೂ ಎಷ್ಟು ತಿಂಗಳು ಅಂತ ಕೇಳಲಿ ಕಣೇ ಅವನ್ನ" ಅಂದಳು.

ಅದಕ್ಕೇ ಭಾನುವಾರ ಕುವೆಂಪುನಗರದ ನಮ್ಮ ಮನೆ ಮಹಡಿ ಮೇಲೆ ಕೂತು ಒಂದು ಮಾಕ್ ಇಂಟರ್‌ವ್ಯೂ ಸ್ಕ್ರಿಪ್ಟ್ ಬರೆದ್ವಿ. ಮ್ಯಾನೇಜರ್ ಪಾತ್ರಕ್ಕೆ ದೊಡ್ಡಮ್ಮನ ಮಗಳು, ನಮ್ಮಕ್ಕ. ಆರು ವರ್ಷ ಸಪೋರ್ಟ್ ಫ್ಲೋರಲ್ಲಿದ್ದವಳು, ಈಗ ಇಂಥ ಇಂಟರ್‌ವ್ಯೂ ಅವಳೇ ತಗೊಳ್ತಾಳೆ.

ಗೆಳತಿ ಎರಡು ಪುಟದ ರೆಡಿ ಸ್ಕ್ರಿಪ್ಟ್ ತಂದಿದ್ದಳು. ಮ್ಯಾನೇಜರ್ ಪ್ರಶ್ನೆ, ಅಭ್ಯರ್ಥಿ ಉತ್ತರ, ಎಲ್ಲಾ ಪೂರ್ತಿ ವಾಕ್ಯದಲ್ಲಿ. ಅಕ್ಕ ಓದಿ ಮಡಚಿಟ್ಟಳು. "ಇದು ನಾಟಕ ಕಣಮ್ಮ. ನಿನ್ನ ಡೈಲಾಗ್ ನಿಂಗೆ ಬಾಯಿಪಾಠ, ಎದುರಿಗೆ ಕೂತಿರೋ ಮ್ಯಾನೇಜರ್‌ಗೆ ಅವರ ಡೈಲಾಗ್ ಗೊತ್ತಿರಲ್ವಲ್ಲ."

ಹಾಗಾಗಿ ಹೊಸದಾಗಿ ಬರೆದದ್ದು ಬೇರೆ ಥರ. ಮ್ಯಾನೇಜರ್ ಕಡೆ ಪ್ರಶ್ನೆ ಪೂರ್ತಿಯಾಗಿ, ಪ್ರತಿ ಪ್ರಶ್ನೆ ಕೆಳಗೆ ಕೆದಕೋ ಪ್ರಶ್ನೆ ಎರಡೆರಡು. ಅಭ್ಯರ್ಥಿ ಕಡೆ ಬರೀ ಎರಡು ಮೂರು ಪದ, ನೆನಪಿಗೆ ಮಾತ್ರ. "ಸಿಟ್ಟಾದ ಗ್ರಾಹಕರನ್ನ ಸಂಭಾಳಿಸಿದ್ದೀರಾ?" ಅನ್ನೋದಕ್ಕೆ ಅವಳ ಕಡೆ ಇದ್ದದ್ದು "ಜೆರಾಕ್ಸ್ ಅಂಗಡಿ, 60 ಪುಟ, ಅಂಚು ಕಟ್" ಅಷ್ಟೇ. ರಜೆಯಲ್ಲಿ ಮಾವನ ಅಂಗಡಿಯಲ್ಲಿ ಕೂತಾಗ ಒಬ್ಬರ ಪ್ರಾಜೆಕ್ಟ್ ರಿಪೋರ್ಟ್ ಅಂಚು ಕತ್ತರಿಸಿ ಪ್ರಿಂಟ್ ಆಗಿತ್ತು, ಅವರು ಕೌಂಟರ್ ಮುಂದೆ ಕೂಗಾಡಿದ್ರು. ಅದನ್ನ ಅವಳು ಚೆನ್ನಾಗೇ ಹೇಳಿದಳು. ಅಕ್ಕನ ಕೆದಕೋ ಪ್ರಶ್ನೆ: "ಕಾಗದದ ದುಡ್ಡು ಯಾರು ಕೊಟ್ರು?" ನಿಜವಾಗಿ ನಡೆದದ್ದಾದ್ರೆ ಇದಕ್ಕೆ ಉತ್ತರ ತಕ್ಷಣ ಬರುತ್ತೆ. ಇಂಟರ್‌ನೆಟ್‌ನಿಂದ ಎತ್ತಿದ ಕಥೆ ಆದ್ರೆ ಇಲ್ಲೇ ಸಿಕ್ಕಿಬೀಳ್ತೀರ.

"ಈ ಕೆಲಸ ಯಾಕೆ ಬೇಕು", ನೈಟ್ ಶಿಫ್ಟ್, ಸಂಬಳ, ಇವೆಲ್ಲಾ ಹತ್ತೇ ನಿಮಿಷ. ಜಾಸ್ತಿ ಹೊತ್ತು ಹಿಡಿದದ್ದು ಮಾಕ್ ಕಾಲ್. ಮ್ಯಾನೇಜರ್ ದಿಢೀರಂತ "ಈಗ ನಾನು ಕಸ್ಟಮರ್, ಫೋನ್ ಎತ್ತಿ" ಅಂತಾರಲ್ಲ, ಆ ಭಾಗ. ಗೆಳತಿ ಎರಡು ಸಲ ಬಿದ್ದದ್ದೂ ಅಲ್ಲೇ.

ಅಕ್ಕ ಹೇಳಿದ್ದು, ಈ ಕಾಲ್‌ಗೆ ಡೈಲಾಗ್ ಬರೀಬಾರದು, ಚೀಟಿ ಬರೀಬೇಕು. ಚೀಟಿ ಮ್ಯಾನೇಜರ್ ಕೈಲಿ ಮಾತ್ರ. ಮೇಲುಗಡೆ ಕಸ್ಟಮರ್ ಬಾಯಿಬಿಟ್ಟು ಹೇಳೋ ಒಂದು ಸಾಲು. ಕೆಳಗಡೆ ಕೇಳಿದ್ರೆ ಮಾತ್ರ ಹೇಳೋ ಸಂಗತಿ. ಮೊದಲನೇ ಚೀಟಿ ಹೀಗಿತ್ತು:

ಹೇಳೋದು: "ನಿಮ್ಮ ಪೇಮೆಂಟ್ ಆ್ಯಪಲ್ಲಿ ಕರೆಂಟ್ ಬಿಲ್ 1,180 ರೂಪಾಯಿ ಕಟ್ಟಿದ್ದೀನಿ. ದುಡ್ಡು ಹೋಗಿದೆ, ಬಿಲ್ ಇನ್ನೂ ಬಾಕಿ ತೋರಿಸ್ತಿದೆ."
ಕೇಳಿದ್ರೆ ಮಾತ್ರ: 10ನೇ ತಾರೀಕು ಕಟ್ಟಿದ್ದು, ಇವತ್ತು 12. ಸ್ಕ್ರೀನ್ ಮೇಲೆ Success ಇದೆ. ಹೋದ ತಿಂಗಳು ಮನೆ ಬದಲಾಯಿಸಿದ್ದಾರೆ.

ಗೆಳತಿ ಶುರು ಮಾಡಿದಳು. "ನಿಮಗಾದ ತೊಂದರೆಗೆ ಕ್ಷಮೆ ಇರಲಿ ಮೇಡಂ. ಚಿಂತೆ ಮಾಡ್ಬೇಡಿ, ಐದು ದಿನದೊಳಗೆ ನಿಮ್ಮ ಹಣ ವಾಪಸ್ ಬರುತ್ತೆ." ಧ್ವನಿ ಚೆನ್ನಾಗಿತ್ತು, ಕನ್ನಡನೂ ಸ್ಪಷ್ಟ. ಅಕ್ಕ ಚೀಟಿ ತಿರುಗಿಸಿ ತೋರಿಸಿದಳು.

ದುಡ್ಡು ವಾಪಸ್ ಬರಲ್ಲ. ಆ್ಯಪಲ್ಲಿ ಹಳೇ ಮನೆಯ ಅಕೌಂಟ್ ಐಡಿ ಸೇವ್ ಆಗಿದೆ, ಇವರು ನೋಡದೆ ಅದಕ್ಕೇ ಕಟ್ಟಿದ್ದಾರೆ. ವ್ಯವಹಾರ ಸರಿಯಾಗೇ ಮುಗಿದಿದೆ, ದುಡ್ಡು ಹಳೇ ಮನೆ ಬಿಲ್‌ಗೆ ಜಮಾ ಆಗಿದೆ. ಐದು ದಿನ ಕಾದು, ಆರನೇ ದಿನ ಎರಡರಷ್ಟು ಸಿಟ್ಟಲ್ಲಿ ಫೋನ್ ಮಾಡ್ತಾರೆ. ಅಷ್ಟರೊಳಗೆ ಹೊಸ ಮನೆ ಫ್ಯೂಸ್ ಕಿತ್ತಿದ್ರೂ ಆಶ್ಚರ್ಯ ಇಲ್ಲ. ಕ್ಷಮೆ ಕೇಳೋಕೂ ಪರಿಹಾರ ಹೇಳೋಕೂ ಮಧ್ಯೆ ಅವಳು ಒಂದು ಪ್ರಶ್ನೆನೂ ಕೇಳಿರಲಿಲ್ಲ. ಮ್ಯಾನೇಜರ್ ನೋಡೋದು ಆ ಜಾಗವನ್ನೇ.

ಐದು ದಿನ ಅನ್ನೋದು ಸುಳ್ಳೇನಲ್ಲ. ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಪ್ರಕಾರ, ಯುಪಿಐನಲ್ಲಿ ವ್ಯಾಪಾರಿಗೆ ಕಟ್ಟಿದಾಗ ನಮ್ಮ ಖಾತೆಯಿಂದ ಹಣ ಹೋಗಿ ಆ ಕಡೆಗೆ ಖಚಿತತೆ ಸಿಗದೇ ಇದ್ರೆ, ಅದು ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ತಾನಾಗೇ ವಾಪಸ್ ಬರಬೇಕು. ತಡವಾದ್ರೆ ದಿನಕ್ಕೆ 100 ರೂಪಾಯಿ ಪರಿಹಾರ. ಅದು ಮುಗಿಯದೇ ನಿಂತ ವ್ಯವಹಾರಕ್ಕೆ ಇರೋ ನಿಯಮ. ತಪ್ಪು ಐಡಿಗೆ ಸರಿಯಾಗಿ ಹೋದ ದುಡ್ಡಿಗೆ ಅನ್ವಯಿಸಲ್ಲ. ಗೆಳತಿ ನಿಯಮ ಓದಿಕೊಂಡಿದ್ದಳು, ಪಾಪ, ಯಾವ ಕೇಸಿಗೆ ಅಂತ ಮಾತ್ರ ನೋಡಿರಲಿಲ್ಲ.

ಆಮೇಲೆ ಅವಳ ಕಡೆ ಪುಟದಲ್ಲಿ ಮೂರೇ ಮಾತು ಬರೆದ್ವಿ: ಯಾವಾಗ, ಸ್ಕ್ರೀನ್ ಏನನ್ನುತ್ತೆ, ಯಾರ ಹೆಸರಿಗೆ. ಅಕ್ಕ ಇನ್ನೊಂದು ಚೀಟಿ ಬರೆದು ಬಚ್ಚಿಟ್ಟುಕೊಂಡಳು. ಬಾಯಲ್ಲಿ ಹೇಳಿದ್ದು ಮತ್ತದೇ ಸಾಲು.

"ದುಡ್ಡು ಹೋಗಿ ಬಿಲ್ ಬಾಕಿ ತೋರಿಸಿದ್ರೆ ಗಾಬರಿ ಆಗೇ ಆಗುತ್ತೆ ಮೇಡಂ. ಯಾವತ್ತು ಕಟ್ಟಿದ್ರಿ?"
"ಹತ್ತನೇ ತಾರೀಕು."
"ಆ ಪೇಮೆಂಟ್ ತೆರೆದ್ರೆ ಸ್ಕ್ರೀನ್ ಮೇಲೆ Success ಅಂತಿದೆಯಾ, Pending ಅಂತಿದೆಯಾ, Failed ಅಂತಿದೆಯಾ?"
"Pending."
"ಅಲ್ಲೇ ಅಕೌಂಟ್ ಐಡಿ ಕಾಣುತ್ತೆ. ಕೊನೇ ನಾಲ್ಕು ಅಂಕಿ ನಿಮ್ಮ ಕೈಲಿರೋ ಬಿಲ್ಲಿಗೆ ಹೊಂದುತ್ತಾ, ಸ್ವಲ್ಪ ನೋಡಿ ಹೇಳ್ತೀರಾ?"
"ಹೂಂ, ಹೊಂದುತ್ತೆ. ನಾಳೆ ಲೈನ್‌ಮ್ಯಾನ್ ಬರ್ತಾನಂತೆ ಕಣ್ರೀ, ನಾನೇನ್ ಮಾಡ್ಲಿ?"

ಕೊನೇ ಸಾಲು ಚೀಟಿಯಲ್ಲಿ ಇರಲಿಲ್ಲ. ಅಕ್ಕ ಸುಮ್ನೆ ಬಿಟ್ಟಳು, ಕಸ್ಟಮರ್‌ಗಳು ಬಿಡೋ ಹಾಗೆ. ಗೆಳತಿ ಒಂದು ಕ್ಷಣ ತಡೆದಳು.

"ಈ ಪೇಮೆಂಟ್ ಇನ್ನೂ ಮುಗಿದಿಲ್ಲ ಮೇಡಂ. ಒಂದೋ ಬಿಲ್‌ಗೆ ಸೇರುತ್ತೆ, ಇಲ್ಲಾಂದ್ರೆ 15ನೇ ತಾರೀಕಿನೊಳಗೆ ನಿಮ್ಮ ಖಾತೆಗೇ ವಾಪಸ್ ಬರಬೇಕು. ನಾನೀಗ ದೂರು ದಾಖಲು ಮಾಡ್ತೀನಿ. ಸ್ಕ್ರೀನ್ ಮೇಲಿರೋ 12 ಅಂಕಿಯ ರೆಫರೆನ್ಸ್ ನಂಬರ್ ಓದಿ. ಪಿನ್ ಆಗ್ಲಿ ಒಟಿಪಿ ಆಗ್ಲಿ ಬೇಡ. ಲೈನ್‌ಮ್ಯಾನ್ ವಿಷಯ ನಮ್ಮ ಕೈಲಿಲ್ಲ, ನಾನು ಮಾತು ಕೊಡೋಕಾಗಲ್ಲ. 1912ಕ್ಕೆ ಫೋನ್ ಮಾಡಿ ಇದೇ ನಂಬರ್ ಹೇಳಿ, ಪೇಮೆಂಟ್ ನಿಂತಿದೆ ಅಂತ ತಿಳಿಸಿ."

"ಇನ್ನೊಂದ್ಸಲ ಕಟ್ಟಿಬಿಡ್ಲಾ?"

"ಕಟ್ಟಬಹುದು. ಆದ್ರೆ ಮೊದಲನೇದೂ ಸೇರಿಬಿಟ್ರೆ ಎರಡು ಸಲ ಕಟ್ಟಿದ ಹಾಗಾಗುತ್ತೆ. 1912ರಲ್ಲಿ ಕೇಳಿ ನಿರ್ಧಾರ ಮಾಡಿ ಮೇಡಂ."

ಅಕ್ಕ ತಲೆ ಆಡಿಸಿ, ನೋಟ್ ಬರಿ ಅಂದಳು. ಕಾಲ್ ಆದ್ಮೇಲೆ ಸಿಸ್ಟಮ್‌ನಲ್ಲಿ ಬರೆಯೋ ಟಿಪ್ಪಣಿ ಇದು, ಇಂಟರ್‌ವ್ಯೂನಲ್ಲೂ ಕೆಲವರು ಕೇಳ್ತಾರಂತೆ. ಗೆಳತಿ ಬರೆದದ್ದು: "ಕರೆಂಟ್ ಬಿಲ್ 1,180, 10ನೇ ತಾರೀಕು, Pending, ಐಡಿ ಸರಿ ಇದೆ. 15ರವರೆಗೆ ಕಾಯಲು ಹೇಳಿದೆ. 1912 ತಿಳಿಸಿದೆ." ಅಕ್ಕ ಕೊನೆಗೆ ಒಂದೇ ಸೇರಿಸಿದಳು: "ಮರುಪಾವತಿ ಖಚಿತ ಎಂದು ಹೇಳಿಲ್ಲ." ನಾಳೆ ಇದೇ ಕಸ್ಟಮರ್ ಬೇರೆಯವರ ಲೈನಿಗೆ ಸಿಕ್ಕಿ "ನಿನ್ನೆ ಆ ಹುಡುಗಿ ಗ್ಯಾರಂಟಿ ಅಂದಿದ್ಲು" ಅಂದ್ರೆ, ಆ ಸಾಲೇ ಉತ್ತರ ಹೇಳುತ್ತೆ.

ಇನ್ನೂ ನಾಲ್ಕು ಚೀಟಿ ಬರೆದಿದ್ದೀವಿ. ಅದರಲ್ಲಿ ಒಂದರಲ್ಲಿ ಕಸ್ಟಮರ್ ಸುಳ್ಳು ಹೇಳ್ತಾರೆ. ಅದು ಶುಕ್ರವಾರದ ಭಾಗದಲ್ಲಿ, ಅವಳ ರೌಂಡ್ ಏನಾಯ್ತು ಅನ್ನೋದರ ಜೊತೆ.