ಬೈಟು ಕಾಫಿಗೆ ಏಳು ಮೆಟ್ಟಿಲು

ಡೇಟಿಂಗ್ ಅನ್ನೋ ಪದವನ್ನ ಅರಸೀಕೆರೆಯಲ್ಲಿ ಜೋರಾಗಿ ಹೇಳೋಕೂ ಧೈರ್ಯ ಬೇಕು. ನಮ್ಮಪ್ಪಂದು ತೆಂಗಿನಕಾಯಿ ವ್ಯಾಪಾರ. ಹಾಗಾಗಿ ಸ್ಟೇಷನ್ ರೋಡಲ್ಲಿ ನಾನು ಯಾವ ಹೋಟೆಲಿಗೆ ಹೊಕ್ಕರೂ "ಮಂಡಿಯವರ ಮಗ ಅಲ್ವೇನಪ್ಪಾ ನೀನು?" ಅಂತ ಒಬ್ಬರಾದ್ರೂ ಕೇಳೇ ಕೇಳ್ತಾರೆ. ಇಂಥ ಊರಲ್ಲಿ ಒಂದು ಹುಡುಗಿ ಜೊತೆ ಕೂತು ಕಾಫಿ ಕುಡಿಯೋದು ಎಲ್ಲರಿಗೂ ಸ್ವಲ್ಪ ಮುಜುಗರಾನೇ. ನನ್ನ ತೊಂದರೆ ಬೇರೆ. ನನಗೆ ಒಬ್ಬನೇ ಕೂತು ಕಾಫಿ ಕುಡಿಯೋಕೂ ಆಗ್ತಿರಲಿಲ್ಲ.

ಇದನ್ನ ನಾಚಿಕೆ ಅಂತ ಕರೆದು ಸುಮ್ಮನಾಗೋರು ಜಾಸ್ತಿ. ನಾಚಿಕೆ ಇರೋನು ಹತ್ತು ನಿಮಿಷ ಒದ್ದಾಡಿ ಆಮೇಲೆ ಮಾತಿಗಿಳೀತಾನೆ. ಸೋಷಿಯಲ್ ಆಂಗ್ಸೈಟಿ ಇರೋನು ಆ ಹತ್ತು ನಿಮಿಷ ಬರದಂತೆ ಇಡೀ ದಿನವನ್ನೇ ಪ್ಲಾನ್ ಮಾಡ್ತಾನೆ. ಕ್ಯಾಂಟೀನ್ ಖಾಲಿ ಇದ್ದಾಗ ಮಾತ್ರ ಊಟ, ಸೆಮಿನಾರ್ ದಿನ ಜ್ವರ, ವೈವಾದಲ್ಲಿ ಉತ್ತರ ಗೊತ್ತಿದ್ರೂ ಮೌನ. ಇದು ಆರು ತಿಂಗಳಿಗಿಂತ ಹೆಚ್ಚು ಕಾಲ ನಡೆದು, ಬದುಕನ್ನೇ ಬದಿಗೆ ತಳ್ಳೋಕೆ ಶುರು ಮಾಡಿದ್ರೆ ವೈದ್ಯರು ಅದನ್ನ ಕಾಯಿಲೆ ಅಂತಾನೇ ನೋಡ್ತಾರೆ. ನಾನು ಹಾಸನದಲ್ಲಿ ಒಬ್ಬ ಕೌನ್ಸೆಲರ್ ಮೇಡಂ ಹತ್ರ ಹೋದೆ. ಹೋಗೋಕೆ ಆಗದೇ ಇರೋರಿಗೆ ಸರ್ಕಾರದ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಫೋನ್ ಮಾಡೋದೇ ನಮ್ಮಂಥೋರಿಗೆ ಕಷ್ಟ ಅನ್ನೋದು ಬೇರೆ ಮಾತು.

ಮೇಡಂ ಮೊದಲ ದಿನ ಒಂದು ನೋಟ್‌ಬುಕ್ ತರೋಕೆ ಹೇಳಿದ್ರು. ಭಯ ಹುಟ್ಟಿಸೋ ಕೆಲಸಗಳನ್ನ ಬರೆದು, ಒಂದೊಂದಕ್ಕೂ ಸೊನ್ನೆಯಿಂದ ನೂರರ ತನಕ ಅಂಕ ಕೊಡಬೇಕು. ಸೊನ್ನೆ ಅಂದ್ರೆ ಮನೇಲಿ ಮಲಗಿದ ಹಾಗೆ, ನೂರು ಅಂದ್ರೆ ಓಡಿ ಹೋಗಬೇಕು ಅನ್ನೋ ಹಾಗೆ. ನನ್ನ ಪಟ್ಟಿಯ ತುದೀಲಿ ಇದ್ದದ್ದು "ಅವಳ ಜೊತೆ ಕಾಫಿ", 90. ಅವಳು ಬಾಣಾವರದಿಂದ ಬಂದು ಅರಸೀಕೆರೆಯಲ್ಲಿ ಗಾಡಿ ಬದಲಾಯಿಸಿ ಹಾಸನಕ್ಕೆ ಬರೋಳು. (ಈ ಬರಹ ಅವಳಿಗೆ ತೋರಿಸಿಯೇ ಕಳಿಸ್ತಿದ್ದೀನಿ. ಊರಿನ ಹೆಸರು ಬದಲಾಯಿಸು ಅಂದ್ಲು, ಬದಲಾಯಿಸಿದ್ದೀನಿ.) ಬುಡದಲ್ಲಿ ಇದ್ದದ್ದು "ಪ್ಲಾಟ್‌ಫಾರ್ಮಲ್ಲಿ ಗುರುತಿಲ್ಲದೋರಿಗೆ ಹಾಸನದ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರತ್ತೆ ಅಂತ ಕೇಳೋದು", 25. ನಮ್ಮದು ಜಂಕ್ಷನ್. ಹುಬ್ಬಳ್ಳಿ ಕಡೆಗೂ ಬೆಂಗಳೂರು ಕಡೆಗೂ ಹಾಸನದ ಕಡೆಗೂ ಗಾಡಿ ಇರೋದ್ರಿಂದ ಈ ಪ್ರಶ್ನೆ ಯಾರಿಗೂ ವಿಚಿತ್ರ ಅನ್ನಿಸಲ್ಲ. ಒಂದು ವಾರದಲ್ಲಿ ಹನ್ನೆರಡು ಜನರನ್ನ ಕೇಳಿದೆ. 25 ಇದ್ದದ್ದು 10ಕ್ಕೆ ಇಳೀತು.

ಎರಡನೇ ಮೆಟ್ಟಿಲಲ್ಲಿ ನಿಜವಾದ ವಿಷಯ ಇತ್ತು. ಹೋಟೆಲಲ್ಲಿ ಒಬ್ಬನೇ ಕೂತು ಕಾಫಿ ಕುಡಿಯೋದು, 40. ಐದು ದಿನ ಹೋದೆ, ಐದು ದಿನವೂ ಕುಡಿದೆ. ಅಂಕ ಮಾತ್ರ 40 ಬಿಟ್ಟು ಕದಲಲಿಲ್ಲ. ಮೇಡಂ ಒಂದೇ ಪ್ರಶ್ನೆ ಕೇಳಿದ್ರು: "ಕೈ ಎಲ್ಲಿತ್ತು?" ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಲೋಟ. ಕಣ್ಣು ಫೋನಿನ ಮೇಲೆ. ಗೋಡೆ ಕಡೆ ಮುಖ. ಬಿಲ್ ಚಿಲ್ಲರೆ ಮೊದಲೇ ಎಣಿಸಿಟ್ಟಿದ್ದು.

ಇವಕ್ಕೆ ಸೇಫ್ಟಿ ಬಿಹೇವಿಯರ್ ಅಂತಾರೆ. 1995ರಲ್ಲಿ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಸೋಷಿಯಲ್ ಆಂಗ್ಸೈಟಿ ಯಾಕೆ ತಾನಾಗೇ ಹೋಗಲ್ಲ ಅಂತ ವಿವರಿಸಿದಾಗ ಇದಕ್ಕೆ ದೊಡ್ಡ ಜಾಗ ಕೊಟ್ಟರು. ದಿನಾ ಜನರ ಮಧ್ಯೆಯೇ ಇರ್ತೀವಿ, ಏನೂ ಅನಾಹುತ ಆಗಲ್ಲ, ಆದ್ರೂ ಭಯ ಹೋಗಲ್ಲ. ಯಾಕಂದ್ರೆ ಅನಾಹುತ ಆಗದೇ ಇದ್ದದ್ದಕ್ಕೆ ಮನಸ್ಸು ಫೋನಿಗೆ ಕ್ರೆಡಿಟ್ ಕೊಡತ್ತೆ: "ಫೋನ್ ನೋಡ್ತಾ ಇದ್ದೆ, ಅದಕ್ಕೇ ಬಚಾವಾದೆ." ಟೆಸ್ಟ್ ರನ್ ಆಗೇ ಇಲ್ಲ, ಪಾಸ್ ಆಗಿದೆ ಅಂತ ರಿಪೋರ್ಟ್ ಬಂದ ಹಾಗೆ. ಎರಡನೇದು ಗಮನದ ದಿಕ್ಕು. ಭಯ ಬಂದಾಗ ಗಮನ ಒಳಗೆ ತಿರುಗತ್ತೆ. ಎದೆ ಬಡಿತ ಕೇಳತ್ತೆ, ಬಡಿತ ಕೇಳಿ ಭಯ ಹೆಚ್ಚತ್ತೆ, ಭಯಕ್ಕೆ ಬಡಿತ ಇನ್ನೂ ಹೆಚ್ಚತ್ತೆ. ಪಾಸಿಟಿವ್ ಫೀಡ್‌ಬ್ಯಾಕ್ ಲೂಪ್ ಅಂದ್ರೇನು ಅಂತ ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಿಗಿಂತ ಚೆನ್ನಾಗಿ ನನಗೆ ಆ ಹೋಟೆಲಲ್ಲಿ ಅರ್ಥ ಆಯ್ತು.

ಹಾಗಾಗಿ ಮೆಟ್ಟಿಲು ಅದೇ, ನಿಯಮ ಬೇರೆ ಆಯ್ತು. ಫೋನ್ ಬ್ಯಾಗಲ್ಲಿ. ಮುಖ ಬಾಗಿಲ ಕಡೆ. ಗಮನ ಹೊರಗಿಡೋಕೆ ಅಭ್ಯಾಸ ಬೇಕಲ್ಲ, ಅದನ್ನ ನಮ್ಮೂರ ಶಿವಾಲಯದಲ್ಲಿ ಮಾಡಿದೆ. ಬೇಲೂರು, ಹಳೇಬೀಡು ನೋಡೋಕೆ ಬರೋರಲ್ಲಿ ಹೆಚ್ಚಿನೋರು ನಮ್ಮೂರ ದೇವಸ್ಥಾನ ನೋಡದೇ ಹೋಗ್ತಾರೆ. 1220ರ ಹೊತ್ತಿನ ಹೊಯ್ಸಳ ಗುಡಿ, ಮುಂದೆ ನಕ್ಷತ್ರಾಕಾರದ ತೆರೆದ ಮಂಟಪ ಇದೆ. ಜನ ಓಡಾಡುವಾಗ ಅಲ್ಲಿ ಕೂತು, ಎದೆ ಏನೇ ಬಡ್ಕೊಳ್ಳಲಿ, ಕಂಬದಲ್ಲಿ ಏನು ಕಾಣ್ತಿದೆ, ಯಾರು ಯಾವ ಬಣ್ಣದ ಬಟ್ಟೆ ಹಾಕಿದ್ದಾರೆ, ಯಾವ ಸದ್ದು ಕೇಳ್ತಿದೆ ಅಂತ ಹತ್ತು ನಿಮಿಷ ಗಮನಿಸೋದು. ಭಯ ಓಡಿಸೋಕಲ್ಲ ಇದು. ಭಯ ಇದ್ದಾಗಲೂ ಕಣ್ಣನ್ನ ನಾನೇ ತಿರುಗಿಸಬಹುದು ಅಂತ ಗೊತ್ತಾಗೋಕೆ. ಆಮೇಲೆ ಹೋಟೆಲಿನ ಅಂಕ ನಾಲ್ಕೇ ದಿನಕ್ಕೆ 20ಕ್ಕೆ ಬಂತು.

ಮೂರನೇದು ತಮಾಷೆಯದ್ದು. ಕಾಫಿ ಚೆಲ್ಲೋದು, ಬೇಕಂತಲೇ. ನನ್ನ ದೊಡ್ಡ ಭಯ ಕೈ ನಡುಗಿ ಅವಳೆದುರು ಕಾಫಿ ಚೆಲ್ಲತ್ತೆ ಅನ್ನೋದೇ ಆಗಿತ್ತು. ಮೇಡಂ ಹೇಳಿದ ವಿಧಾನ: ಮೊದಲು ಏನಾಗತ್ತೆ ಅಂತ ಬರೀಬೇಕು, ಎಷ್ಟು ನಂಬಿಕೆ ಅಂತ ಶೇಕಡ ಹಾಕಬೇಕು, ಆಮೇಲೆ ಮಾಡಿ ನೋಡಬೇಕು. ನಾನು ಬರೆದದ್ದು: "ಎಲ್ಲರೂ ತಿರುಗಿ ನೋಡ್ತಾರೆ, ಸಪ್ಲೈಯರ್ ಬೈತಾನೆ, 80%." ಲೋಟ ಇಡುವಾಗ ಕೈ ಸಡಿಲ ಬಿಟ್ಟೆ. ಅರ್ಧ ಕಾಫಿ ಟೇಬಲ್ ಮೇಲೆ ಹರೀತು. ಪಕ್ಕದ ಟೇಬಲ್ಲಿನ ಯಜಮಾನರು ಒಂದು ಸಲ ನೋಡಿ ಇಡ್ಲಿಗೆ ವಾಪಸ್ಸಾದ್ರು. ಸಪ್ಲೈಯರ್ ಅಣ್ಣ ಕೊಬ್ಬರಿ ರೇಟಿನ ಬಗ್ಗೆ ಯಾರ ಜೊತೆಗೋ ಮಾತಾಡ್ತಾ, ಮಾತು ನಿಲ್ಲಿಸದೇ, ಬಟ್ಟೆಯಲ್ಲಿ ಒರೆಸ್ಕೊಂಡು ಹೋದ. ಅಷ್ಟೇ. ಅಮೆರಿಕದಲ್ಲಿ 2000ದಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ವಿದ್ಯಾರ್ಥಿಗಳಿಗೆ ಮುಜುಗರ ಆಗೋ ಚಿತ್ರದ ಟೀ ಶರ್ಟ್ ಹಾಕಿಸಿ ಜನ ತುಂಬಿದ ರೂಮಿಗೆ ಕಳಿಸಿದ್ರು. ಹಾಕಿದೋರು ಹೆಚ್ಚುಕಮ್ಮಿ ಅರ್ಧ ಜನ ಗಮನಿಸಿದ್ದಾರೆ ಅಂದ್ಕೊಂಡ್ರು. ನಿಜಕ್ಕೂ ಗಮನಿಸಿದ್ದು ಕಾಲು ಭಾಗ.

ನಾಲ್ಕು, ಐದನೇ ಮೆಟ್ಟಿಲು ಟ್ರೈನಲ್ಲೇ ಆದವು. ಮೊದಲು ಅವಳ ಜೊತೆ ಎರಡು ಮಾತು, ಆಮೇಲೆ ಒಂದು ಮೆಸೇಜ್. ಇಲ್ಲಿ ಬಿಡಬೇಕಾಗಿದ್ದ ಸೇಫ್ಟಿ ಬಿಹೇವಿಯರ್ ಅಂದ್ರೆ ವಾಕ್ಯಗಳನ್ನ ಮೊದಲೇ ಬಾಯಿಪಾಠ ಮಾಡೋದು. ಮುಂದಿನ ವಾಕ್ಯ ಜೋಡಿಸೋದರಲ್ಲಿ ಮುಳುಗಿದ್ರೆ ಎದುರಿನೋರು ಹೇಳಿದ್ದು ಕಿವಿಗೆ ಬೀಳಲ್ಲ. ಅವರಿಗೆ ಇವನಿಗೆ ಆಸಕ್ತಿ ಇಲ್ಲ ಅನ್ಸತ್ತೆ. ಬಚಾವಾಗೋಕೆ ಮಾಡಿದ್ದೇ ಕೆಡಿಸತ್ತೆ.

ಆರನೇದು ಕಾಫಿಗೆ ಕರೆಯೋದು, 85. ಇಲ್ಲಿ ಒಂದು ಮಾತು ಹೇಳಲೇಬೇಕು. ಆಲ್ಬರ್ಟ್ ಎಲ್ಲಿಸ್ ಅನ್ನೋ ಹೆಸರಾಂತ ಮನಶ್ಶಾಸ್ತ್ರಜ್ಞರು ತಮ್ಮ 19ನೇ ವಯಸ್ಸಿನಲ್ಲಿ ಹುಡುಗಿಯರ ಭಯ ಕಳ್ಕೊಳ್ಳೋಕೆ ನ್ಯೂಯಾರ್ಕಿನ ಬಟಾನಿಕಲ್ ಗಾರ್ಡನ್ನಿನಲ್ಲಿ ಒಂದು ತಿಂಗಳು ಕೂತು 100 ಹೆಂಗಸರನ್ನ ಮಾತಾಡಿಸಿದ್ರಂತೆ. ಅವರೇ ಹೇಳ್ಕೊಂಡ ಕಥೆ ಇದು. ಒಬ್ಬಾಕೆ ಬರ್ತೀನಿ ಅಂದಳು, ಅವಳೂ ಬರಲಿಲ್ಲ. ಭಯ ಮಾತ್ರ ಹೋಯ್ತು. ಇದನ್ನ ನಮ್ಮ ಬಸ್ ಸ್ಟ್ಯಾಂಡಲ್ಲಿ ಮಾಡಿದ್ರೆ ಪೊಲೀಸ್ ಬರ್ತಾರೆ, ಬರಬೇಕು ಕೂಡ. ಪ್ಲಾಟ್‌ಫಾರ್ಮ್ ಕೇಳೋದನ್ನ ಹನ್ನೆರಡು ಸಲ ಮಾಡಬಹುದು. ಕಾಫಿಗೆ ಕರೆಯೋದು ಒಂದೇ ಸಲ. ಅಲ್ಲಿ ಇನ್ನೊಂದು ಜೀವ ಇದೆ, ಅವಳು ನನ್ನ ಲ್ಯಾಬ್ ಎಕ್ವಿಪ್‌ಮೆಂಟ್ ಅಲ್ಲ. ಮೇಲಾಗಿ ನನ್ನನ್ನ ಯಾರಾದ್ರೂ ನೋಡಿದ್ರೆ ಊರಲ್ಲಿ ರೇಗಿಸ್ತಾರೆ. ಅವಳನ್ನ ನೋಡಿದ್ರೆ ಮನೆಗೆ ಸುದ್ದಿ ಹೋಗತ್ತೆ, ಕಾಲೇಜಿಗೆ ಕಳಿಸೋದೇ ಬೇಡ ಅನ್ನೋ ತನಕ ಮಾತು ಬೆಳೆಯಬಹುದು. ಅದಕ್ಕೇ ಜಾಗ, ಹೊತ್ತು ಅವಳೇ ಆರಿಸೋ ಹಾಗೆ, ಬೇಡ ಅನ್ನೋದು ಸುಲಭ ಆಗೋ ಹಾಗೆ ಬರೆದೆ: "ಈ ವಾರ ಯಾವಾಗಾದ್ರೂ ಅರ್ಧ ಗಂಟೆ ಕಾಫಿ ಕುಡಿಯೋಣ್ವಾ? ಜಾಗ ನೀವೇ ಹೇಳಿ. ಬೇಡ ಅನ್ಸಿದ್ರೆ ಏನೂ ಬೇಜಾರಿಲ್ಲ, ಮತ್ತೆ ಕೇಳಲ್ಲ."

ಮೂರು ಗಂಟೆ ಆದ್ಮೇಲೆ ಉತ್ತರ ಬಂತು. ಬುಧವಾರ ಹನ್ನೊಂದಕ್ಕೆ, ಹಾಸನದಲ್ಲಿ, ಕಾಲೇಜಿನ ಹತ್ತಿರದ ದರ್ಶಿನಿ. ಅರಸೀಕೆರೆ ಬೇಡ್ವೇ ಬೇಡ.

ಬುಧವಾರ ಬೆಳಗ್ಗೆ ಅಂಕ 88. ಹಿಂದಿನ ರಾತ್ರಿ ನಿದ್ದೆ ಕೆಟ್ಟಿದ್ದಕ್ಕೆ ಎರಡು ಕಾಫಿ ಕುಡಿದು ಹೋಗೋಣ ಅನ್ನಿಸ್ತು, ಕುಡೀಲಿಲ್ಲ. ಕಾಫಿ ಹೆಚ್ಚಾದ್ರೆ ಎದೆ ಹೊಡ್ಕೊಳ್ಳೋದು, ಬೆರಳು ನಡುಗೋದು ಇದ್ದದ್ದೇ. ಭಯದ ಲಕ್ಷಣಾನೂ ಅದೇ. ಮನಸ್ಸಿಗೆ ಯಾವುದು ಯಾವುದು ಅಂತ ಬೇರೆ ಮಾಡೋಕೆ ಬರಲ್ಲ. ಬೈಟು ಹೇಳಿದ್ವಿ. ನನ್ನಂಥೋರಿಗೆ ಬೈಟು ಸರಿಯಾದ ಡೋಸ್.

ನೋಟ್‌ಬುಕ್ಕಲ್ಲಿ ಬರೆದದ್ದು: "ಹದಿನೈದು ನಿಮಿಷಕ್ಕೇ ನೆಪ ಹೇಳಿ ಎದ್ದು ಹೋಗ್ತಾಳೆ, 70%." ಮೊದಲ ಐದು ನಿಮಿಷ ಕೆಟ್ಟದಾಗಿತ್ತು. ಎರಡು ಸಲ ಮಾತು ನಿಂತು, ಇಬ್ಬರೂ ರೋಡ್ ನೋಡಿದ್ವಿ. ಕೈ ನಡುಗ್ತು. ಬಚ್ಚಿಡದೇ "ನಂಗೆ ಹೀಗೆ ಕೂತ್ರೆ ಕೈ ನಡುಗತ್ತೆ" ಅಂದೆ. ಅವಳು "ನಂಗೆ ಮಾತು ಜಾಸ್ತಿ ಆಗತ್ತೆ, ಆಮೇಲೆ ನಿಮಗೇ ಗೊತ್ತಾಗತ್ತೆ" ಅಂದ್ಲು. ಅವರಜ್ಜಿ ಕಾಫಿ ಬೀಜ ಹುರೀವಾಗ ಮನೆಯಲ್ಲಿ ಯಾರೂ ಮಾತಾಡಬಾರದಂತೆ, ಅಲ್ಲಿಂದ ಶುರುವಾಗಿ ಎಲ್ಲೆಲ್ಲಿಗೋ ಹೋಯ್ತು. ಯಾವಾಗಲೋ "ನೀವು" ಹೋಗಿ "ನೀನು" ಬಂದಿತ್ತು. ಏಳುವಾಗ ಅಂಕ 35. ಮೂವತ್ತೈದು ನಿಮಿಷ ಆಗಿತ್ತು, ಅವಳಿಗೆ ಲ್ಯಾಬ್ ಇತ್ತು.

ಕಾಫಿ ಮುಗಿದ ಮೇಲೂ ಒಂದು ಅಪಾಯ ಇರತ್ತೆ. ಸಂಜೆ ಟ್ರೈನಲ್ಲಿ ಕೂತ್ಕೊಂಡು ಮನಸ್ಸು ಪೂರ್ತಿ ರೀಪ್ಲೇ ಶುರು ಮಾಡತ್ತೆ. ವಾಚ್ ಯಾಕೆ ನೋಡಿದ್ಲು, ಆ ಮಾತಿಗೆ ಯಾಕೆ ನಗಲಿಲ್ಲ. ಪ್ರತಿ ರೀಪ್ಲೇಗೂ ನೆನಪು ಇನ್ನಷ್ಟು ಕೆಡತ್ತೆ. ಇದಕ್ಕೆ ಮೇಡಂ ಕೊಟ್ಟ ನಿಯಮ: ಹತ್ತು ನಿಮಿಷ, ಒಂದೇ ಸಲ, ಕ್ಯಾಮೆರಾದಲ್ಲಿ ಕಾಣೋದನ್ನ ಮಾತ್ರ ಬರೀಬೇಕು. "ಬೋರ್ ಆಯ್ತು ಅನ್ಸತ್ತೆ" ಕ್ಯಾಮೆರಾದಲ್ಲಿ ಕಾಣಲ್ಲ, ಹೊಡೆದು ಹಾಕು.

ಬರೆದೆ. ಅವಳು ಮೂರು ಸಲ ನಕ್ಕಳು. ಒಂದು ಸಲ ವಾಚ್ ನೋಡಿದಳು. ಬಿಲ್ಲನ್ನ ಅರ್ಧ ಅರ್ಧ ಕೊಟ್ವಿ. ಇನ್ನೊಂದು ಸಲ ಸಿಗೋಣ್ವಾ ಅಂದಿದ್ದಕ್ಕೆ "ಇಂಟರ್ನಲ್ಸ್ ಮುಗೀಲಿ, ನಾನೇ ಹೇಳ್ತೀನಿ" ಅಂದ್ಲು. ಇಂಟರ್ನಲ್ಸ್ ಇರೋದು ಮುಂದಿನ ವಾರ.