ನಾಲ್ವರ ಬಿಸಿಬೇಳೆಬಾತ್ ಹದಿನಾಲ್ವರಿಗೆ

ಕೊಚ್ಚಿಗೆ ಬಂದು ಇಪ್ಪತ್ತೆರಡು ವರ್ಷ ಆಯ್ತು. ಇಲ್ಲಿನ ಗೆಳೆಯರಿಗೆ ನಮ್ಮ ಕಡೆಯ ಅಡಿಗೆ ಅಂದ್ರೆ ಬಿಸಿಬೇಳೆಬಾತ್ ಒಂದೇ! ಹೋದ ಭಾನುವಾರ ಹದಿನಾಲ್ಕು ಜನ ಬರೋದಿತ್ತು. ತಿರುವನಂತಪುರದಲ್ಲಿರೋ ತಂಗಿ ತಾನು ಮಾಡೋ ರೆಸಿಪಿಯ ಸ್ಕ್ರೀನ್‌ಶಾಟ್ ಕಳಿಸಿದಳು. ಅದು ನಾಲ್ಕು ಜನಕ್ಕೆ. ಹದಿನಾಲ್ಕನ್ನು ನಾಲ್ಕರಿಂದ ಭಾಗಿಸಿದರೆ ಮೂರೂವರೆ. ಎಲ್ಲವನ್ನೂ ಮೂರೂವರೆ ಪಟ್ಟು ಮಾಡಿದರೆ ಮುಗೀತಾ? ಇಲ್ಲ.

ಅಕ್ಕಿ ಬೇಳೆಗೆ ಮಾತ್ರ ಈ ಲೆಕ್ಕ ನೇರವಾಗಿ ಸಲ್ಲುತ್ತೆ. ಆದರೆ ಕಪ್ ಅಂದ್ರೆ ಎಷ್ಟು? ಅಮೆರಿಕದ ಕಪ್ ಸುಮಾರು 240 ಮಿಲೀ, ಇಲ್ಲಿ ಸಿಗೋದು ಕೆಲವು 250, ಎಲೆಕ್ಟ್ರಿಕ್ ರೈಸ್ ಕುಕ್ಕರ್ ಜೊತೆ ಬರೋದು 180. ಅದಕ್ಕೇ ಒಂದು ಕಪ್ ಅಕ್ಕಿ ತೂಗಿ ನೋಡಿದೆ, 240ರ ಕಪ್‌ನಲ್ಲಿ ಹತ್ತಿರ ಹತ್ತಿರ 200 ಗ್ರಾಂ. ರೆಸಿಪಿಯಲ್ಲಿ ಒಂದು ಕಪ್ ಅಕ್ಕಿ, ಮುಕ್ಕಾಲು ಕಪ್ ತೊಗರಿಬೇಳೆ. ಬೇಳೆಯೂ ಹೆಚ್ಚುಕಡಿಮೆ ಅಷ್ಟೇ ತೂಗುತ್ತೆ. ಹಾಗಾದ್ರೆ ಅಕ್ಕಿ 700 ಗ್ರಾಂ, ಬೇಳೆ 525 ಗ್ರಾಂ. ಅಕ್ಕಿ ಸೋನಾಮಸೂರಿಯೇ ಇರಲಿ. ಇಲ್ಲಿನ ಮಟ್ಟ ಅಕ್ಕಿ ಹಾಕಿದರೆ ನೀರು, ಸಮಯ ಎರಡರ ಲೆಕ್ಕವೂ ಬೇರೆ.

ನೀರು ಆರು ಕಪ್, ಮೂರೂವರೆ ಪಟ್ಟು ಅಂದ್ರೆ ಐದು ಲೀಟರ್. ಅಷ್ಟನ್ನೂ ಮೊದಲೇ ಸುರಿಯಬೇಡಿ. ಆವಿಯಾಗಿ ಹೋಗೋ ನೀರು ಪಾತ್ರೆಯ ಅಗಲ, ಕುದಿಯೋ ಹೊತ್ತು ನೋಡಿಕೊಂಡು ಹೋಗುತ್ತೇ ಹೊರತು ಜನರ ಲೆಕ್ಕದಲ್ಲಲ್ಲ. ಮುಚ್ಚಿದ ಕುಕ್ಕರ್‌ನಲ್ಲಂತೂ ಬಹಳ ಕಡಿಮೆ. ನಾನು ನಾಲ್ಕು ಲೀಟರ್ ಲೆಕ್ಕ ಇಟ್ಟೆ. ಮೂರು ಲೀಟರ್ ಅಕ್ಕಿ ಬೇಳೆ ಬೇಯೋಕೆ, ಒಂದು ತರಕಾರಿಗೂ ಹುಣಸೆ ರಸಕ್ಕೂ. ಉಳಿದ ಒಂದು ಲೀಟರ್ ಒಲೆ ಮೇಲೆ ಬಿಸಿಯಾಗಿ ಕಾದಿತ್ತು. ಬಾತ್ ಇಟ್ಟಷ್ಟೂ ಗಟ್ಟಿಯಾಗುತ್ತೆ, ಆಗ ಬೇಕಾದಷ್ಟು ಸೇರಿಸಬಹುದು. ತೆಳ್ಳಗಾದರೆ ಮಾತ್ರ ತೆಗೆಯೋಕೆ ಬರಲ್ಲ!

ನಮ್ಮದು ಐದು ಲೀಟರ್ ಕುಕ್ಕರ್. ಅಕ್ಕಿ ಬೇಳೆ ನೊರೆ ಉಕ್ಕುತ್ತವೆ, ಅರ್ಧಕ್ಕಿಂತ ಮೇಲೆ ತುಂಬಿದರೆ ಗಂಜಿ ವಿಷಲ್‌ಗೆ ಸಿಕ್ಕಿಕೊಳ್ಳುತ್ತೆ. ಅದಕ್ಕೆ ಎರಡು ಸಲ ಬೇಯಿಸಿ ದೊಡ್ಡ ಪಾತ್ರೆಯಲ್ಲಿ ಕಲಸಿದ್ದು.

ಇನ್ನು ಪುಡಿ. ರೆಸಿಪಿಯಲ್ಲಿ 2 tbsp. ಅದು ದೊಡ್ಡ ಚಮಚ, 15 ಮಿಲೀ. tsp ಸಣ್ಣದು, 5 ಮಿಲೀ. ಒಂದಕ್ಕೊಂದು ಅದಲುಬದಲಾದರೆ ಖಾರ ಮೂರು ಪಟ್ಟು. ಆಸ್ಟ್ರೇಲಿಯಾದ tbsp ಮಾತ್ರ 20 ಮಿಲೀ. ಸ್ಕ್ರೀನ್‌ಶಾಟ್‌ನಲ್ಲಿ ರೆಸಿಪಿ ಯಾವ ದೇಶದ್ದು ಅಂತ ಇರಲಿಲ್ಲ, ಅದಕ್ಕೇ ಚಿಕ್ಕ ಲೆಕ್ಕ ಹಿಡಿದೆ. ಏಳು ಚಮಚ ಬರಬೇಕಿತ್ತು. ಮೊದಲು ಐದು ಹಾಕಿ, ಕುದಿಸಿ, ರುಚಿ ನೋಡಿ ಆಮೇಲೆ ಇನ್ನೊಂದು. ಮಲಯಾಳಿ ಗೆಳೆಯರಿಗೆ ಆರೇ ಸಾಕಾಯ್ತು.

ಉಪ್ಪನ್ನಂತೂ ಚಮಚದಲ್ಲಿ ನಂಬಬೇಡಿ. ಪುಡಿಯುಪ್ಪು ಒಂದು tsp ಸುಮಾರು 6 ಗ್ರಾಂ, ಹರಳುಪ್ಪು ಅದೇ ಚಮಚದಲ್ಲಿ ಕಡಿಮೆ ತೂಗುತ್ತೆ. ತೂಕ ಒಂದೇ ಆದರೆ ಉಪ್ಪೂ ಒಂದೇ. ಒಗ್ಗರಣೆಗೆ ಎರಡು ಪಟ್ಟು ತುಪ್ಪ ಸಾಕು, ಬಾಣಲೆಯ ತಳ ಮುಚ್ಚಿದರೆ ಆಯ್ತು.

ನೀವೂ ಸ್ಕ್ರೀನ್‌ಶಾಟ್ ಕಳಿಸೋದಾದ್ರೆ ಎಷ್ಟು ಜನಕ್ಕೆ ಅನ್ನೋ ಸಾಲನ್ನು ಕತ್ತರಿಸಬೇಡಿ, ದಯವಿಟ್ಟು :)