ಅಂಚಿನಲ್ಲಿ ಇಣುಕುವ ಸಂಸಾರ

ಹೊಸದುರ್ಗದಂಥ ಊರಲ್ಲಿ ಆನ್‌ಲೈನ್ ಸೆಂಟರ್ ಇಟ್ಟುಕೊಂಡವನಿಗೆ ಜನರ ಸಂಸಾರ ಅರ್ಧಂಬರ್ಧ ಗೊತ್ತಾಗೋದು ತಪ್ಪೋದಿಲ್ಲ. ಪಹಣಿ ಯಾರ ಹೆಸರಲ್ಲಿದೆ, ಆದಾಯ ಪ್ರಮಾಣಪತ್ರದಲ್ಲಿ ಎಷ್ಟು ಬರೆಸಿದ್ದಾರೆ, ಯಾರ ಮಗ ಯಾವ ಕಾಲೇಜಿಗೆ ಅರ್ಜಿ ಹಾಕಿದ್ದಾನೆ, ಎಲ್ಲವೂ ಕಣ್ಣಿಗೆ ಬೀಳುತ್ತವೆ. ಅದು ಕಸುಬಿನ ಭಾಗ, ಬಾಯಿ ಮುಚ್ಚಿಕೊಂಡಿರಬೇಕು ಅಷ್ಟೆ. ಆದರೆ ಯಾರೂ ಹೇಳದೆ, ಯಾರೂ ಕೇಳದೆ ನನಗೆ ಗೊತ್ತಾಗುವ ಇನ್ನೊಂದಷ್ಟು ಸಂಗತಿಗಳಿವೆ. ಅವು ಬರೋದು ಸ್ಕ್ರೀನ್‌ಶಾಟಿನ ಅಂಚಿನಿಂದ.

"ಅಣ್ಣ, ಇಲ್ಲಿ ಎರರ್ ಬರ್ತಿದೆ ನೋಡಿ" ಅಂತ ಒಬ್ಬರು ತಮ್ಮ ಕಂಪ್ಯೂಟರಿನ ಪೂರ್ತಿ ಪರದೆ ಹಿಡಿದು ವಾಟ್ಸಾಪಿಗೆ ಹಾಕುತ್ತಾರೆ. ಎರರ್ ಇರೋದು ನಡುವೆ, ಎರಡು ಸಾಲು. ಮೇಲಿನ ಬುಕ್‌ಮಾರ್ಕ್ ಪಟ್ಟಿಯಲ್ಲಿ ನಾಡಕಚೇರಿ, ಸೇವಾ ಸಿಂಧುಗಳ ಪಕ್ಕದಲ್ಲೇ ಚಿನ್ನದ ಸಾಲದ ಪುಟ, ವಧೂವರರ ವೆಬ್‌ಸೈಟು, ಸಕ್ಕರೆ ಕಾಯಿಲೆಗೆ ಮನೆಮದ್ದು. ಕೆಳಗೆ ಟಾಸ್ಕ್‌ಬಾರಿನಲ್ಲಿ ತೆರೆದಿಟ್ಟ ಫೈಲುಗಳ ಗುರುತು, ಬಲಮೂಲೆಯಲ್ಲಿ ಅದೇ ಕ್ಷಣಕ್ಕೆ ಬಂದು ಕೂತ ಒಂದು ಮೆಸೇಜು. ಆ ಮೆಸೇಜು ಪರದೆ ಮೇಲೆ ನಿಲ್ಲೋದು ಐದು ಸೆಕೆಂಡು ಮಾತ್ರ, ಆದರೆ ಫೋಟೊದೊಳಗೆ ಸಿಕ್ಕಿಬಿದ್ದರೆ ಅಲ್ಲೇ ಉಳಿಯಿತು. ಕೇಳಿದ ಪ್ರಶ್ನೆ ಎರರ್ ಬಗ್ಗೆ. ನನಗೆ ತಿಳಿದದ್ದು ಮಗಳಿಗೆ ಗಂಡು ಹುಡುಕುತ್ತಿದ್ದಾರೆ ಅನ್ನೋದು.

ಈಗೀಗ ಜನ ಹುಷಾರಾಗಿದ್ದಾರೆ. ಅಂಚು ಕತ್ತರಿಸಿಯೇ ಕಳಿಸುತ್ತಾರೆ. ಸಂತೋಷ. ಆದರೆ ಆ ಕತ್ತರಿ ನಿಜವಾಗಿ ಕತ್ತರಿಸಿತೋ ಇಲ್ಲವೋ ಅಂತ ನೋಡುವವರು ಕಡಿಮೆ.

ಹೈಸ್ಕೂಲಿನ ಮೇಷ್ಟ್ರೊಬ್ಬರು ಒಂದು ವರ್ಡ್ ಫೈಲ್ ತಂದಿದ್ದರು. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕೋದು ಹೇಗೆ ಅಂತ ಪೋಷಕರಿಗೆ ತಿಳಿಸುವ ಕೈಪಿಡಿ. ಲಾಗಿನ್ ಆಗೋದರಿಂದ ಹಿಡಿದು ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕುವವರೆಗೆ ಹಂತಕ್ಕೊಂದು ಚಿತ್ರ, ಚಿತ್ರದ ಕೆಳಗೆ ಎರಡು ಸಾಲು ವಿವರಣೆ. ಅಚ್ಚುಕಟ್ಟಾದ ಕೆಲಸ. ಚಿತ್ರಗಳಲ್ಲಿ ಬೇಕಾದ ಪೆಟ್ಟಿಗೆಯಷ್ಟೇ ಕಾಣುತ್ತಿತ್ತು, ಸುತ್ತಲಿನದ್ದೆಲ್ಲ ತೆಗೆದಿದ್ದರು. ಪ್ರಿಂಟ್ ಬೇಕು, ಜೊತೆಗೆ ಫೈಲನ್ನು ಉಳಿದ ಶಾಲೆಗಳ ಗ್ರೂಪಿಗೂ ಹಾಕಬೇಕು ಅಂದರು.

ನನಗೆ ಅನುಮಾನ ಬಂದದ್ದು ಫೈಲಿನ ತೂಕ ನೋಡಿ. ಅಂಗೈಯಗಲದ ಚಿತ್ರಗಳಿರುವ ನಾಲ್ಕಾರು ಪುಟದ ಫೈಲು ಅಷ್ಟೊಂದು ಎಂಬಿ ಇರಬಾರದು. ಒಂದು ಚಿತ್ರದ ಮೇಲೆ ಒತ್ತಿ, Picture Format ಮೆನುವಿನಲ್ಲಿ Crop ಒತ್ತಿದೆ. ಚಿತ್ರದ ನಾಲ್ಕೂ ಮೂಲೆಗೆ ಕಪ್ಪು ಹಿಡಿಕೆಗಳು ಬಂದವು, ಅದರಾಚೆ ಕತ್ತರಿಸಿದ ಭಾಗವೆಲ್ಲ ಬೂದು ಬಣ್ಣದಲ್ಲಿ ಎದ್ದು ನಿಂತಿತು. ಮೇಷ್ಟ್ರ ಬುಕ್‌ಮಾರ್ಕುಗಳು, ಟಾಸ್ಕ್‌ಬಾರು, ಎಡಗಡೆ ಮಕ್ಕಳ ಹೆಸರಿದ್ದ ಪಟ್ಟಿಯ ಒಂದು ತುದಿ, ಬಲಮೂಲೆಯಲ್ಲಿ ಸಹೋದ್ಯೋಗಿಯೊಬ್ಬರ ರಜೆಯ ಬಗ್ಗೆ ಬಂದಿದ್ದ ಮೆಸೇಜು.

"ಇದು ನಾನು ತೆಗೆದದ್ದಲ್ವೇನಪ್ಪ?" ಅಂದರು.

"ತೆಗೆದಿದೀರ ಸಾರ್, ಅದು ಹೋಗಿಲ್ಲ" ಅಂದೆ.

ಶಾಲೆ ಶುರುವಾಗುವಾಗ ಟೈಲರ್ ಹುಡುಗರ ಪ್ಯಾಂಟಿನ ಅಂಚನ್ನು ಒಳಗೆ ಮಡಚಿ ಹೊಲಿಯುತ್ತಾನಲ್ಲ, ವರ್ಡಿನ ಕ್ರಾಪ್ ಅದೇ ಜಾತಿಯದು. ಬಟ್ಟೆ ಕತ್ತರಿಸಿಲ್ಲ. ಮುಂದಿನ ವರ್ಷ ಹೊಲಿಗೆ ಬಿಚ್ಚಿದರೆ ಪೂರ್ತಿ ಉದ್ದ ಸಿಗುತ್ತದೆ. ಮೈಕ್ರೋಸಾಫ್ಟಿನವರು ಇದನ್ನು ತಪ್ಪಿನಿಂದ ಹೀಗೆ ಮಾಡಿದ್ದಲ್ಲ. ಜಾಸ್ತಿ ಕತ್ತರಿಸಿದೆ ಅನ್ನಿಸಿದರೆ ವಾಪಸ್ ಎಳೆದುಕೊಳ್ಳಲಿ ಅಂತ ಬೇಕೆಂದೇ ಮೂಲ ಚಿತ್ರವನ್ನು ಒಳಗೆ ಇಟ್ಟಿರುತ್ತಾರೆ. ಪವರ್‌ಪಾಯಿಂಟಿನಲ್ಲೂ ಹೀಗೇ. ಗೂಗಲ್ ಡಾಕ್ಸ್‌ನಲ್ಲಿಯೂ ಕತ್ತರಿಸಿದ ಚಿತ್ರವನ್ನು ಮೊದಲಿನಂತೆ ಮಾಡುವ ಗುಂಡಿ ಇದೆ.

ಮೇಷ್ಟ್ರಿಗೆ ನಂಬಿಕೆ ಬರಲಿ ಅಂತ ಇನ್ನೊಂದನ್ನೂ ತೋರಿಸಿದೆ. ಫೈಲಿನ ಒಂದು ನಕಲು ಮಾಡಿಕೊಂಡು, ಹೆಸರಿನ ಕೊನೆಯ `.docx` ತೆಗೆದು `.zip` ಅಂತ ಮಾಡಿ ತೆರೆದೆ. ವರ್ಡ್ ಫೈಲು ಅಂದರೆ ಹಲವು ಫೈಲುಗಳನ್ನು ಕಟ್ಟಿದ ಗಂಟು. ಒಳಗೆ `word`, ಅದರೊಳಗೆ `media` ಅನ್ನುವ ಫೋಲ್ಡರ್. ಅಲ್ಲಿ `image1.png`, `image2.png` ಅಂತ ಸಾಲಾಗಿ ಎಲ್ಲ ಸ್ಕ್ರೀನ್‌ಶಾಟುಗಳೂ ಕೂತಿದ್ದವು, ಒಂದೂ ಕತ್ತರಿಸದ ಪೂರ್ತಿ ಪರದೆಗಳು. ಒಂದು ಚಿತ್ರದಲ್ಲಿ ಅವರು ಆಧಾರ್ ನಂಬರಿನ ಮೇಲೆ ಕಪ್ಪು ಪೆಟ್ಟಿಗೆ ಎಳೆದಿದ್ದರು. ಇಲ್ಲಿ ಆ ಪೆಟ್ಟಿಗೆ ಇರಲಿಲ್ಲ, ನಂಬರ್ ಇತ್ತು. ವರ್ಡಿನಲ್ಲಿ ಪೆಟ್ಟಿಗೆ ಬೇರೆ ವಸ್ತು, ಚಿತ್ರ ಬೇರೆ ವಸ್ತು. ಒಂದರ ಮೇಲೊಂದು ಕೂತಿರುತ್ತವೆ, ಅಷ್ಟೆ.

ಕತ್ತರಿಸಿದ ಭಾಗಕ್ಕೆ ಪರಿಹಾರ ಅದೇ ಮೆನುವಿನಲ್ಲಿದೆ. Compress Pictures ಒತ್ತಿದರೆ ಒಂದು ಪುಟ್ಟ ಕಿಟಕಿ ಬರುತ್ತದೆ. ಅದರಲ್ಲಿ Delete cropped areas of pictures ಅನ್ನುವುದಕ್ಕೆ ಟಿಕ್ ಇರಬೇಕು. Apply only to this picture ಅನ್ನುವ ಟಿಕ್ ತೆಗೆಯಬೇಕು, ಇಲ್ಲದಿದ್ದರೆ ಆಯ್ದ ಒಂದೇ ಚಿತ್ರಕ್ಕೆ ಕೆಲಸವಾಗಿ ಉಳಿದವು ಹಾಗೇ ಇರುತ್ತವೆ. ಓಕೆ ಕೊಟ್ಟು ಸೇವ್ ಮಾಡಿದೆ. ಫೈಲಿನ ತೂಕ ಕಣ್ಣೆದುರೇ ಇಳಿಯಿತು. ಮತ್ತೆ Crop ಒತ್ತಿದರೆ ಅಂಚಿನಾಚೆ ಬೂದು ಬಣ್ಣ ಬರಲಿಲ್ಲ. ಕೆಲಸ ಆಗಿದೆ ಅನ್ನೋದಕ್ಕೆ ಈ ಎರಡು ಗುರುತು ಸಾಕು. ಆಧಾರ್ ನಂಬರಿನ ಚಿತ್ರವನ್ನು ಮಾತ್ರ ಕಿತ್ತುಹಾಕಿ, ಪೇಂಟಿನಲ್ಲಿ ತೆರೆದು ನಂಬರಿನ ಮೇಲೆ ಕಪ್ಪು ಬಳಿದು ಸೇವ್ ಮಾಡಿ, ಹೊಸದಾಗಿ ಸೇರಿಸಿದೆವು. ಪೇಂಟಿನಲ್ಲಿ ಬಳಿದರೆ ಅಡಿಯದ್ದು ಉಳಿಯೋದಿಲ್ಲ.

ವರ್ಡಿನದ್ದು ಒಳಗೆ ಉಳಿಯಲಿ ಅಂತಲೇ ಉಳಿಸಿದ್ದು. ಬೇಡವಾಗಿಯೂ ಉಳಿದ ಕಥೆ ಇನ್ನೊಂದಿದೆ, ಅದು ಸ್ವಾರಸ್ಯದ್ದು. 2023ರ ಮಾರ್ಚಿನಲ್ಲಿ ಸೈಮನ್ ಆರನ್ಸ್ ಮತ್ತು ಡೇವಿಡ್ ಬುಕಾನನ್ ಎಂಬಿಬ್ಬರು ಗೂಗಲ್ಲಿನ ಪಿಕ್ಸೆಲ್ ಫೋನುಗಳಲ್ಲಿ ಒಂದು ದೋಷ ತೋರಿಸಿಕೊಟ್ಟರು. ಫೋನಿನಲ್ಲೇ ಇದ್ದ ಮಾರ್ಕಪ್ ಅನ್ನುವ ಸಾಧನದಲ್ಲಿ ಸ್ಕ್ರೀನ್‌ಶಾಟ್ ಕತ್ತರಿಸಿ ಸೇವ್ ಮಾಡಿದರೆ, ಕತ್ತರಿಸಿದ ಭಾಗದ ಒಂದಷ್ಟನ್ನು ಬೇರೆಯವರು ಮತ್ತೆ ಹೊರತೆಗೆಯಬಹುದಿತ್ತು. ಕೆಲವೇ ದಿನದಲ್ಲಿ ವಿಂಡೋಸಿನ ಸ್ನಿಪ್ಪಿಂಗ್ ಟೂಲಿನಲ್ಲೂ ಅದೇ ಕಾಯಿಲೆ ಸಿಕ್ಕಿತು.

ಆದದ್ದು ಇಷ್ಟು. ಮೂಲ ಚಿತ್ರ ಸಾವಿರ ಕೆಬಿ ಇದೆ, ಕತ್ತರಿಸಿದ ಚಿತ್ರ ಇನ್ನೂರು ಕೆಬಿ ಅಂತ ಇಟ್ಟುಕೊಳ್ಳಿ. ಸೇವ್ ಮಾಡುವಾಗ ಹಳೆಯ ಫೈಲನ್ನು ಮೊದಲು ಖಾಲಿ ಮಾಡಿ ಆಮೇಲೆ ಬರೆಯಬೇಕು. ಆ ಸಾಧನಗಳು ಖಾಲಿ ಮಾಡದೆ ಮೊದಲ ಇನ್ನೂರು ಕೆಬಿಯ ಮೇಲಷ್ಟೇ ಬರೆದವು. ಹಿಂದಿನ ಎಂಟುನೂರು ಕೆಬಿ ಬಾಲದ ಹಾಗೆ ಉಳಿಯಿತು. ಪಿಎನ್‌ಜಿ ಚಿತ್ರದ ಕೊನೆಯಲ್ಲಿ `IEND` ಅಂತ ಮುಕ್ತಾಯದ ಗುರುತು ಇರುತ್ತದೆ. ಚಿತ್ರ ತೋರಿಸುವ ತಂತ್ರಾಂಶಗಳು ಅದು ಕಂಡೊಡನೆ ಓದೋದು ನಿಲ್ಲಿಸುತ್ತವೆ, ಹಾಗಾಗಿ ಬಾಲ ಯಾರ ಕಣ್ಣಿಗೂ ಬೀಳಲಿಲ್ಲ. ಕತ್ತರಿಸಿದ ಮೇಲೂ ಫೈಲಿನ ತೂಕ ಇಳಿಯದೆ ಮೊದಲಿನಷ್ಟೇ ಇದ್ದದ್ದೊಂದೇ ಅದರ ಸುಳಿವು.

ಎರಡು ಕಂಪನಿಗಳೂ ಅದೇ ತಿಂಗಳು ಸರಿಪಡಿಸಿದವು. ಆದರೆ ಅಪ್‌ಡೇಟ್ ಸರಿಮಾಡೋದು ಮುಂದೆ ಕತ್ತರಿಸುವ ಚಿತ್ರಗಳನ್ನು. ಅದಕ್ಕೆ ಮುಂಚೆ ಕತ್ತರಿಸಿ ಎಲ್ಲೆಲ್ಲೋ ಹಂಚಿದ್ದಕ್ಕೆ ಬಾಲ ಇದ್ದೇ ಇದೆ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದ್ದರೆ ಚಿಂತೆಯಿಲ್ಲ, ಅದು ಚಿತ್ರವನ್ನು ಕುಗ್ಗಿಸಿ ಹೊಸದಾಗಿ ಕಟ್ಟುತ್ತದೆ, ಬಾಲ ಅಲ್ಲೇ ಉದುರುತ್ತದೆ. ಅದರ ಜೊತೆ ಅಕ್ಷರವೂ ಮಸುಕಾಗುತ್ತದೆ ಅನ್ನಿ. ಆ ಮಸುಕು ತಪ್ಪಿಸಲು ನಮ್ಮ ಜನ "ಡಾಕ್ಯುಮೆಂಟ್ ಮಾಡಿ ಹಾಕಿ" ಅನ್ನುತ್ತಾರೆ. ಹಾಗೆ ಹಾಕಿದರೆ ಫೈಲು ಇದ್ದದ್ದು ಇದ್ದ ಹಾಗೆ, ಹೆಸರಿನ ಸಮೇತ ಹೋಗುತ್ತದೆ. ಕೆಲವು ಕಂಪನಿಗಳ ಫೋನಿನಲ್ಲಿ ಸ್ಕ್ರೀನ್‌ಶಾಟಿನ ಹೆಸರಲ್ಲೇ ತಾರೀಖು, ಗಂಟೆ, ಯಾವ ಆ್ಯಪ್ ತೆರೆದಿತ್ತು ಅನ್ನೋದೂ ಇರುತ್ತದೆ. ಅಂಚನ್ನೆಲ್ಲ ಕತ್ತರಿಸಿದವರು ಹೆಸರು ಬದಲಿಸಿದ್ದನ್ನು ನಾನಂತೂ ಕಂಡಿಲ್ಲ.

ಇಷ್ಟೆಲ್ಲ ತಾಪತ್ರಯ ಯಾಕೆ, ಅಂಚನ್ನು ಮೊದಲೇ ಹಿಡಿಯದಿದ್ದರೆ ಆಯಿತಲ್ಲ ಅನ್ನೋದು ನನ್ನ ಪಕ್ಷ. Win + Shift + S ಒತ್ತಿ ಬೇಕಾದಷ್ಟು ಜಾಗಕ್ಕೆ ಮೌಸ್ ಎಳೆದರೆ ಅಷ್ಟೇ ಚಿತ್ರವಾಗುತ್ತದೆ, ಉಳಿದದ್ದು ಆ ಚಿತ್ರದೊಳಗೆ ಬರುವುದೇ ಇಲ್ಲ. Alt + Print Screen ಒತ್ತಿದರೆ ತೆರೆದಿರುವ ಕಿಟಕಿ ಮಾತ್ರ ಬರುತ್ತದೆ, ಟಾಸ್ಕ್‌ಬಾರ್ ಬರೋದಿಲ್ಲ, ಆದರೆ ಬುಕ್‌ಮಾರ್ಕ್ ಪಟ್ಟಿ ಬರುತ್ತದೆ. ಕ್ರೋಮಿನಲ್ಲಿ Ctrl + Shift + B ಒತ್ತಿದರೆ ಆ ಪಟ್ಟಿ ಮರೆಯಾಗುತ್ತದೆ, ಮತ್ತೆ ಒತ್ತಿದರೆ ವಾಪಸ್. ಕೆಲವರು ಇನ್‌ಕಾಗ್ನಿಟೊ ಕಿಟಕಿ ತೆರೆದರೆ ಬುಕ್‌ಮಾರ್ಕ್ ಕಾಣೋದಿಲ್ಲ ಅಂದುಕೊಂಡಿದ್ದಾರೆ. ಕಾಣುತ್ತದೆ. ಕಾಣದಿರೋದು ಗೆಸ್ಟ್ ಕಿಟಕಿಯಲ್ಲಿ. ಕೈಪಿಡಿಗೆ ಸಾಲಾಗಿ ಚಿತ್ರ ಹಿಡಿಯುವವರಿಗೆ ಗೆಸ್ಟ್ ಕಿಟಕಿಯೇ ಸುಲಭ, ಜೊತೆಗೆ ನೋಟಿಫಿಕೇಶನ್ನಿನ Do not disturb ಹಾಕಿಟ್ಟರೆ ಮಧ್ಯೆ ಯಾರ ಮೆಸೇಜೂ ತಲೆಹಾಕೋದಿಲ್ಲ.

ಇಷ್ಟು ಹೇಳಿದ ಮೇಲೆ ಇದಕ್ಕೆ ವಿರುದ್ಧವಾದ ಒಂದು ಮಾತೂ ಹೇಳಬೇಕು, ಯಾಕೆಂದರೆ ಕತ್ತರಿಸುವ ಚಟ ಹತ್ತಿದವರು ಕತ್ತರಿಸಬಾರದ್ದನ್ನೂ ಕತ್ತರಿಸುತ್ತಾರೆ. ತೆಂಗಿನಕಾಯಿ ವ್ಯಾಪಾರದವರೊಬ್ಬರು ಫೋನ್ ಹಿಡಿದು ಬಂದರು. ಯಾರೋ ಮುಂಗಡ ಅಂತ ನಂಬಿಸಿ ದುಡ್ಡು ಹಾಕಿಸಿಕೊಂಡಿದ್ದ, ದೂರು ಕೊಡಬೇಕು. ಸ್ಕ್ರೀನ್‌ಶಾಟ್ ಇಟ್ಟಿದ್ದರು, ಚೊಕ್ಕವಾಗಿ ಕತ್ತರಿಸಿ. ಮೊತ್ತ ಇತ್ತು, ಹಸಿರು ಟಿಕ್ ಇತ್ತು. ಹನ್ನೆರಡು ಅಂಕಿಯ ಯುಟಿಆರ್ ನಂಬರ್, ತಾರೀಖು, ಗಂಟೆ, ಎದುರಿನವನ ಯುಪಿಐ ಐಡಿ, ಅಂದರೆ ದೂರಿಗೆ ಬೇಕಾದದ್ದೆಲ್ಲ ಕತ್ತರಿಗೆ ಹೋಗಿತ್ತು. ಪುಣ್ಯಕ್ಕೆ ಆ್ಯಪಿನ ಹಿಸ್ಟರಿಯಲ್ಲಿ ವ್ಯವಹಾರ ಇತ್ತು, ಮತ್ತೆ ಪೂರ್ತಿ ಹಿಡಿದೆವು. ಚಾಟ್‌ನದ್ದು ಸಿಗಲಿಲ್ಲ, ಎದುರಿನವನು ತನ್ನ ಮೆಸೇಜುಗಳನ್ನೆಲ್ಲ ಅಳಿಸಿದ್ದ. ಇವರ ಹತ್ತಿರ ಉಳಿದದ್ದು ಮೇಲೆ ಹೆಸರೂ ನಂಬರೂ ಇಲ್ಲದ ನಾಲ್ಕು ಸಾಲು ಮಾತು. ಅದನ್ನು ಯಾರು ಆಡಿದ್ದು ಅಂತ ಹೇಗೆ ತೋರಿಸೋದು?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ, ಎಲೆಕ್ಟ್ರಾನಿಕ್ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಲಗತ್ತಿಸಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಒಳಗಿನದ್ದನ್ನು ಲೆಕ್ಕ ಹಾಕಿ ಬರುವ ಒಂದು ಉದ್ದನೆಯ ಗುರುತು. ಒಂದು ಎಳೆ ಕತ್ತರಿಸಿದರೂ ಅದು ಪೂರ್ತಿ ಬೇರೆಯಾಗುತ್ತದೆ. ಆದ್ದರಿಂದ ದುಡ್ಡು, ಬೆದರಿಕೆ, ಮೋಸ, ಇಂಥ ಯಾವುದೇ ವಿಷಯದ ಸ್ಕ್ರೀನ್‌ಶಾಟ್ ಆದರೆ ಮೂಲವನ್ನು ಮುಟ್ಟಬೇಡಿ. ಗ್ರೂಪಿಗೋ ನೆಂಟರಿಗೋ ತೋರಿಸಬೇಕಾದರೆ Save copy ಕೊಟ್ಟು ನಕಲನ್ನು ಕತ್ತರಿಸಿ. ದುಡ್ಡು ಹೋಗಿದ್ದರೆ ನನ್ನ ಸೆಂಟರಿಗೆ ಬರುವವರೆಗೂ ಕಾಯಬೇಡಿ, ಮೊದಲು 1930ಕ್ಕೆ ಫೋನ್ ಮಾಡಿ.